ಬೋರ್ಡೋ ಭಾಷಣದ ವಿಡಿಯೋ: ಯಂತ್ರ ಬರೆದ ಕನ್ನಡವನ್ನು ತಿದ್ದಿ ಸಬ್‌ಟೈಟಲ್ ಮಾಡೋದು ಹೇಗೆ?

ಸುಂಟಿಕೊಪ್ಪ_ತೋಟ

ನಮ್ಮ ಬೆಳೆಗಾರರ ಬಳಗದಲ್ಲಿ ಮುಂಗಾರಿಗೆ ಮುಂಚಿನ ಬೋರ್ಡೋ ಸಿಂಪಡಣೆ, ಅಂದರೆ ಮೈಲುತುತ್ತ–ಸುಣ್ಣದ ದ್ರಾವಣ ಹೊಡೆಯೋದರ ಬಗ್ಗೆ ಭಾಷಣ ಇಟ್ಟಿದ್ದೆವು. ಕಾಫಿ, ಕರಿಮೆಣಸು ಎರಡೂ ಸೇರಿ ಒಂದು ಗಂಟೆ ಚಿಲ್ಲರೆ. ವಿಡಿಯೋ ಚೆನ್ನಾಗಿದೆ, ಆದರೆ ಶೀಟಿನ ಸೂರು, ನಡುವೆ ಮಳೆ ಬಂದಿದೆ. ಕಿವಿ ಮಂದವಾದ ಹಿರಿಯರೂ ನೋಡುತ್ತಾರೆ, ತೋಟದಲ್ಲಿ ಕೆಲಸ ಮಾಡಿಸುತ್ತಾ ಮೊಬೈಲಿನಲ್ಲಿ ಸದ್ದಿಲ್ಲದೆ ನೋಡುವವರೂ ಇದ್ದಾರೆ. ಅದಕ್ಕೆ ಕನ್ನಡ ಸಬ್‌ಟೈಟಲ್ ಬೇಕು. ಯಂತ್ರ ಬರೆದುಕೊಟ್ಟ ಎಸ್ಆರ್‌ಟಿ ಫೈಲ್ ಕೈಯಲ್ಲಿದೆ. ಒಂದು ತುಂಡು ನೋಡಿ:

```
212
00:23:41,200 --> 00:23:44,900
ಕಾಪಿಗೆ ಎರಡು ಪರ್ಸೆಂಟ್ ಸಾಕು ಜಾಸ್ತಿ ಹಾಕಬಹುದು

213
00:23:44,900 --> 00:23:49,300
ಇನ್ನೂರು ಲೀಟರ್ ಬ್ಯಾರಲ್ ಒಂದು ಕೆಜಿ ಮೈಲು ತುಂಬಾ ಒಂದು ಕೆಜಿ ಸುಣ್ಣ

214
00:23:49,300 --> 00:23:51,800
ತುತ್ತದ ನೀರು ಸುಣ್ಣದ ನೀರು ನಿಧಾನ ಸುರಿಬೇಕು
```

ಎಲ್ಲಿಂದ ಶುರು ಮಾಡಬೇಕು? ಆಡುಮಾತು ಹಾಗೇ ಬಿಡಬೇಕಾ, ಪುಸ್ತಕದ ಕನ್ನಡ ಮಾಡಬೇಕಾ? ಒಂದು ಸಾಲಿಗೆ ಎಷ್ಟು ಅಕ್ಷರ?

ಗೋಣಿಕೊಪ್ಪ_ಹುಡುಗ

ಅಣ್ಣ, ಸುಲಭ. ಸಬ್‌ಟೈಟಲ್ ಎಡಿಟ್ ಹಾಕ್ಕೊಳ್ಳಿ, ಉಚಿತ. ಅದರಲ್ಲಿ `Multiple replace` ಇದೆ. ಕಾಪಿ→ಕಾಫಿ, ಮೈಲು ತುಂಬಾ→ಮೈಲುತುತ್ತ, ಪನ್ನೀರು→ಪನ್ನಿಯೂರು ಅಂತ ಪಟ್ಟಿ ಕೊಟ್ಟು ಒಂದೇ ಏಟಿಗೆ ಬದಲಿಸಿ. ಮುಕ್ಕಾಲು ಕೆಲಸ ಮುಗೀತು.

ಅಕ್ಷರಜೋಡಣೆ

ಪಟ್ಟಿ ಬೇಕು, ಆದರೆ ಅದು ಮುಕ್ಕಾಲು ಕೆಲಸ ಅಲ್ಲ. ಕಾಫಿ ಅನ್ನೋದು ಕಾಪಿ ಆಗಿದ್ದರೆ ಓದುವವರು ತಾವೇ ಸರಿಮಾಡಿಕೊಂಡು ಓದುತ್ತಾರೆ, ಯಾರಿಗೂ ನಷ್ಟವಿಲ್ಲ. 212ನೆಯ ತುಂಡು ಹಾಗಲ್ಲ. ಕಾಗುಣಿತ ಸರಿ, ವ್ಯಾಕರಣ ಸರಿ, ಓದಲು ಸರಾಗ, ಆದರೆ ಹೇಳಿದ್ದಕ್ಕೆ ನೇರ ಉಲ್ಟಾ. ಅಂಥ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ.

ಅದನ್ನೇ ಬಿಡಿಸಿ ನೋಡೋಣ. "ಸಾಕು" ಅಂದವರು ಅದೇ ಉಸಿರಿನಲ್ಲಿ "ಜಾಸ್ತಿ ಹಾಕಬಹುದು" ಅನ್ನೋದಿಲ್ಲ. ಬಾಯಲ್ಲಿ ಬಂದಿರೋದು "ಹಾಕ್ಬಾರ್ದು" ಇರಬೇಕು. "ಹಾಕ್ಬೋದು", "ಹಾಕ್ಬಾರ್ದು" ಎರಡನ್ನೂ ಬೇಗ ಹೇಳಿ ನೋಡಿ, ನಡುವಿನ ಒಂದು ಸ್ವರ, ಒಂದು ರೇಫ ಬಿಟ್ಟರೆ ವ್ಯತ್ಯಾಸವಿಲ್ಲ. ಶೀಟಿನ ಮೇಲೆ ಮಳೆ ಬಿದ್ದಾಗ ಆ ರೇಫ ಮೊದಲು ಮುಚ್ಚಿಹೋಗುತ್ತದೆ. "ಎರ್ಡು" ಮತ್ತು "ಅರ್ಧ" ಕೂಡ ಹಾಗೇ.

ಅದರಿಂದ ಮೊದಲ ಸುತ್ತಿನಲ್ಲಿ ಕಾಗುಣಿತ ಮುಟ್ಟಬೇಡಿ. ಕಿವಿಗೆ ಹೆಡ್‌ಫೋನ್ ಹಾಕಿ, ವೇಗ 0.75ಕ್ಕೆ ಇಳಿಸಿ, ಮೂರೇ ಸಂಗತಿ ನೋಡಿ. ಒಂದು, ಕ್ರಿಯಾಪದದ ಬಾಲ: ಬಹುದು–ಬಾರದು, ಬೇಕು–ಬೇಡ, ಇದೆ–ಇಲ್ಲ. ಎರಡು, ಸಂಖ್ಯೆ ಮತ್ತು ಅಳತೆ. ಮೂರು, ವಿಭಕ್ತಿ. ಈ ಮೂರರಲ್ಲಿ ಯಾವುದು ಬಂದರೂ ಓದಿ ಮುಂದೆ ಹೋಗಬೇಡಿ, ಕೇಳಿ ಮುಂದೆ ಹೋಗಿ.

ಸುಂಟಿಕೊಪ್ಪ_ತೋಟ

ಕೇಳಿದೆ ಅಕ್ಕ. "ಹಾಕ್ಬಾರ್ದು" ಅಂತಲೇ ಇದೆ. ಪರ್ಸೆಂಟ್ ಮಾತ್ರ ಎರಡೂ ಥರ ಕೇಳಿಸುತ್ತೆ, ಆ ಜಾಗದಲ್ಲಿ ಯಾರೋ ಕುರ್ಚಿ ಎಳೆದಿದ್ದಾರೆ.

ಅಕ್ಷರಜೋಡಣೆ

ಹಾಗಾದರೆ ಅಕ್ಕಪಕ್ಕದ ಮಾತನ್ನು ಸಾಕ್ಷಿಗೆ ಕರೆಯಿರಿ. ಮುಂದಿನ ತುಂಡಿನಲ್ಲೇ 200 ಲೀಟರ್ ಬ್ಯಾರಲ್, 1 ಕೆಜಿ ತುತ್ತ ಅಂದಿದ್ದಾರೆ. 200 ಲೀಟರಿಗೆ 1 ಕೆಜಿ ಅಂದರೆ 0.5 ಪರ್ಸೆಂಟ್. ಎರಡು ಪರ್ಸೆಂಟ್ ಆಗಿದ್ದರೆ ಅದೇ ಬ್ಯಾರಲ್‌ಗೆ 4 ಕೆಜಿ ಹೇಳಬೇಕಿತ್ತು. ಭಾಷಣದಲ್ಲಿ ಅಳತೆ ಬಂದ ಕಡೆಯೆಲ್ಲ ಇಂಥ ಜೋಡಿ ಸಿಗುತ್ತದೆ: ಪರ್ಸೆಂಟ್ ಒಂದು ಕಡೆ, ಕೆಜಿ–ಲೀಟರ್ ಇನ್ನೊಂದು ಕಡೆ. ಲೆಕ್ಕ ಕೂಡಿದರೆ ಬರೆಯಿರಿ. ಕೂಡದಿದ್ದರೆ ಎರಡರಲ್ಲಿ ಒಂದನ್ನು ಯಂತ್ರ ತಪ್ಪು ಕೇಳಿದೆ, ಇಲ್ಲವೇ ಭಾಷಣಕಾರರ ಬಾಯಿ ತಪ್ಪಿದೆ.

"ಇನ್ನೂರು" ಕೂಡ ಒಮ್ಮೆ ಕೇಳಿಬಿಡಿ. "ಮುನ್ನೂರು" ಆಗಿರಬಹುದು.

ಗೋಣಿಕೊಪ್ಪ_ಹುಡುಗ

ಅಷ್ಟೊಂದು ಯಾಕೆ? ಕಾಫಿಗೆ ಯಾವಾಗಲೂ 0.5, ಮೆಣಸಿಗೆ 1. ಎಲ್ಲರಿಗೂ ಗೊತ್ತಿರೋದೇ. ಆ ಪ್ರಕಾರ ತುಂಬಿಸಿದರೆ ಆಯ್ತು.

ಚೆಟ್ಟಳ್ಳಿ_ಮೆಣಸು

"ಯಾವಾಗಲೂ" ಅಲ್ಲ. ಕಾಫಿ ಎಲೆತುಕ್ಕಿಗೆ 0.5. ಅದೇ ಕಾಫಿಗೆ ಕೊಳೆರೋಗ ಬರುವ ತೋಟ ಅಂದ್ರೆ 1 ಪರ್ಸೆಂಟ್ ಹೊಡೆಸ್ತಾರೆ. ಮೆಣಸಿನ ಸೊರಗು ರೋಗಕ್ಕೂ 1. ಒಂದೇ ಭಾಷಣದಲ್ಲಿ ಈ ಮೂರೂ ಬಂದಿರ್ತವೆ. ಗೊತ್ತಿರೋದನ್ನು ತುಂಬಿಸಿದರೆ ಕೊಳೆರೋಗದ ಮಾತು ಬಂದಲ್ಲಿ ಸರಿಯಾಗಿದ್ದ 1ನ್ನು ನೀವೇ 0.5 ಮಾಡಿಬಿಡ್ತೀರಿ.

ಕಕ್ಕಬ್ಬೆ_ಜೇನು

ಇವತ್ತು ನಮ್ಮ ಕಡೆ ಮಧ್ಯಾಹ್ನದಿಂದ ಮಳೆ. ಹೊಡೆದು ಎರಡು ಗಂಟೆ ಆಗಿತ್ತು. ತೊಳೆದುಹೋಗುತ್ತಾ?

ಚೆಟ್ಟಳ್ಳಿ_ಮೆಣಸು

ಎಲೆ ಮೇಲೆ ಒಣಗಿ ನೀಲಿ ಪೊರೆ ಕೂತಿದ್ದರೆ ಅಷ್ಟು ಸುಲಭಕ್ಕೆ ಹೋಗಲ್ಲ. ಒಣಗೋ ಮುಂಚೆ ಮಳೆ ಬಿದ್ದಿದ್ರೆ ಹೋಯ್ತು. ಎಲೆ ಅಡಿ ತಿರುವಿ ನೋಡಿ. ಇದಕ್ಕೆ ಬೇರೆ ಎಳೆ ಹಾಕಿ ಮಾರಾಯ್ರೆ, ಇಲ್ಲಿ ಸಬ್‌ಟೈಟಲ್ ವಿಷಯ ನಡೀತಿದೆ.

ಬೆಟ್ಟದ_ಮಂಜು

214ರ ಬಗ್ಗೆ ಯಾರೂ ಹೇಳಲಿಲ್ಲ. "ತುತ್ತದ ನೀರು ಸುಣ್ಣದ ನೀರು ನಿಧಾನ ಸುರಿಬೇಕು." ಯಾವುದನ್ನು ಯಾವುದಕ್ಕೆ? ಬೋರ್ಡೋ ಮಾಡೋದರಲ್ಲಿ ಅದೇ ಮುಖ್ಯ. ತುತ್ತದ ನೀರನ್ನು ಸುಣ್ಣದ ನೀರಿಗೆ ಕದಡುತ್ತಾ ಸುರಿಯಬೇಕು. ಉಲ್ಟಾ ಮಾಡಿದರೆ ಕಣ ದಪ್ಪವಾಗಿ ತಳಕ್ಕೆ ಕೂರುತ್ತೆ, ನಾಝಲ್ ಕಟ್ಟಿಕೊಳ್ಳುತ್ತೆ. ಯಂತ್ರ "-ನ" ಮತ್ತು "-ಗೆ" ಎರಡನ್ನೂ ನುಂಗಿದೆ.

ಮಾತಿನಲ್ಲಿ "ನೀರ್ನ" ಅನ್ನೋ ಕೊನೆಯ ನ ಸಣ್ಣಗೆ ಬಂದು ಮುಂದಿನ ಪದಕ್ಕೆ ಅಂಟಿಕೊಳ್ಳುತ್ತೆ. "ನೀರ್ನ ಸುಣ್ಣದ್ ನೀರ್ಗೆ" ಅಂತ ಓಡಿಸಿ ಹೇಳಿದಾಗ ಯಂತ್ರಕ್ಕೆ ಸಿಗೋದು ಗಟ್ಟಿ ಅಕ್ಷರಗಳು ಮಾತ್ರ. ವಿಭಕ್ತಿ ಬಿದ್ದುಹೋದರೂ ಪದಗಳೆಲ್ಲ ಅಲ್ಲೇ ಇರೋದರಿಂದ ಮೇಲ್ನೋಟಕ್ಕೆ ತುಂಡು ಪೂರ್ತಿ ಅನಿಸಿಬಿಡುತ್ತೆ.

ಅಕ್ಷರಜೋಡಣೆ

ಹೌದು. ಇಂಗ್ಲಿಷಿನಲ್ಲಿ ಪದಗಳ ಕ್ರಮವೇ ಯಾವುದನ್ನು ಯಾವುದಕ್ಕೆ ಅಂತ ಹೇಳಿಬಿಡುತ್ತೆ. ನಮ್ಮಲ್ಲಿ ಕ್ರಮ ಹಿಂದುಮುಂದಾದರೂ ನಡೆಯುತ್ತೆ, ಅರ್ಥ ಹೊರುವುದು ಆ ಒಂದು ಅಕ್ಷರ. ಅದಕ್ಕೆ ಕೊಡು, ಹಾಕು, ಸುರಿ, ಬೆರೆಸು, ಕಟ್ಟು ಥರದ ಕ್ರಿಯಾಪದ ಬಂದಲ್ಲೆಲ್ಲ ಹಿಂದಿನ ಎರಡು ನಾಮಪದಗಳ ಬಾಲ ನೋಡಬೇಕು. ಎರಡೂ ಬೋಳಾಗಿದ್ದರೆ ಏನೋ ಬಿದ್ದುಹೋಗಿದೆ.

ಗೋಣಿಕೊಪ್ಪದ ತಮ್ಮನಿಗೆ ಇನ್ನೊಂದು ಮಾತು, ಒಂದೇ ಏಟಿನ ಬದಲಾವಣೆ ಬಗ್ಗೆ. ಭಾಷಣದಲ್ಲಿ ಬಾಣೆ ಜಮೀನಿನ ಮಾತು ಬಂದಿದ್ದರೆ ಯಂತ್ರ ಅದನ್ನು "ಬಾಣ" ಅಂತ ಬರೆದಿರುತ್ತೆ. ಬಾಣ→ಬಾಣೆ ಅಂತ ಕೊಟ್ಟರೆ "ಬಾಣಲೆ" ಹೋಗಿ "ಬಾಣೆಲೆ" ಆಗುತ್ತೆ. "ಬಾಣದ" ಇದ್ದದ್ದು "ಬಾಣೆದ" ಆಗುತ್ತೆ, ಬೇಕಾದ್ದು "ಬಾಣೆಯ". ಕಾಪಿ→ಕಾಫಿ ಕೊಟ್ಟರೆ ಫೋಟೋಕಾಪಿ ಫೋಟೋಕಾಫಿ ಆಗುತ್ತೆ. ಕನ್ನಡದಲ್ಲಿ ಪದದ ಬಾಲಕ್ಕೆ ಏನಾದರೂ ಅಂಟಿಕೊಂಡೇ ಇರುತ್ತೆ, ಅದರಿಂದ ಬುಡ ಮಾತ್ರ ಬದಲಿಸಿದರೆ ಸಂಧಿ ಕೆಡುತ್ತದೆ. ಪಟ್ಟಿ ಮಾಡಿ, ಆದರೆ ಪ್ರತಿ ಬದಲಾವಣೆಯನ್ನೂ ಮುನ್ನೋಟದಲ್ಲಿ ನೋಡಿ ಗುರುತು ಹಾಕಿ. ಸಬ್‌ಟೈಟಲ್ ಎಡಿಟ್‌ನಲ್ಲಿ ಆ ಮುನ್ನೋಟ ಇದೆ.

ಗೋಣಿಕೊಪ್ಪ_ಹುಡುಗ

ಬಾಣಲೆ ವಿಷಯ ಸರಿ ಅಕ್ಕ, ಒಪ್ಪಿದೆ. ಆದರೆ ಪನ್ನಿಯೂರು ಥರದ ಮೆಣಸಿನ ತಳಿ ಹೆಸರಿಗೆ ಪಟ್ಟಿಯೇ ಬೇಗ. ಪನ್ನೀರು ಅನ್ನೋ ಮಾತು ಬೋರ್ಡೋ ಭಾಷಣದಲ್ಲಿ ಬೇರೆ ಎಲ್ಲೂ ಬರಲ್ಲ.

ಅಕ್ಷರಜೋಡಣೆ

ಅದಕ್ಕೆ ತಕರಾರಿಲ್ಲ.

ಪೊನ್ನಂಪೇಟೆ_ಪಾಠ

ಯಾವ ತಂತ್ರಾಂಶದಿಂದ ಬರೆಸಿದ್ದು ಅಂತ ಹೇಳಿಲ್ಲ. ನಮ್ಮ ಪಾಠದ ವಿಡಿಯೋಗಳಿಗೆ ವಿಸ್ಪರ್ ಬಳಸುತ್ತೇವೆ. ಅದರಲ್ಲಿ ಒಂದು ಗುಣ ಇದೆ: ಮಾತಿಲ್ಲದ ಕಡೆ, ಚಪ್ಪಾಳೆ, ಮಳೆ, ಮೈಕ್ ಗೊರಗೊರ ಬಂದ ಕಡೆ ಸುಮ್ಮನಿರೋದಿಲ್ಲ, ಏನಾದರೂ ಬರೆಯುತ್ತೆ. ಕೆಲವೊಮ್ಮೆ ಒಂದೇ ಸಾಲನ್ನು ಹತ್ತಾರು ಸಲ ಬರೆಯುತ್ತಾ ಹೋಗುತ್ತೆ. ಆ ಹೊತ್ತಿನಲ್ಲಿ ನಿಜವಾಗಿ ಆಡಿದ ಮಾತು ಫೈಲಿನಲ್ಲಿ ಇರೋದೇ ಇಲ್ಲ. ಒಂದೇ ಸಾಲು ಮೂರು ಸಲ ಬಂತು ಅಂದರೆ ಅದನ್ನು ಅಳಿಸಿ ಸುಮ್ಮನಾಗಬೇಡಿ, ಅಡಿಯಲ್ಲಿ ಮಾತು ಹೂತುಹೋಗಿದೆ ಅಂತ ತಿಳಿಯಿರಿ.

ಸುಂಟಿಕೊಪ್ಪ_ತೋಟ

ಇದೆ ಸರ್! 41ನೇ ನಿಮಿಷದಲ್ಲಿ "ಸುಣ್ಣದ ನೀರು ಸುಣ್ಣದ ನೀರು" ಅಂತ ಪುಟಗಟ್ಟಲೆ ಬಂದಿದೆ. ಮಳೆ ಜೋರಾದ ಜಾಗ ಅದೇ. ಏನು ಮಾಡೋದು?

ಪೊನ್ನಂಪೇಟೆ_ಪಾಠ

ಆ ತುಂಡನ್ನಷ್ಟೇ ಕತ್ತರಿಸಿ ಮತ್ತೊಮ್ಮೆ ಬರೆಸಿ. ಹಿಂದೆ ಬರೆದ ಸಾಲನ್ನು ನೋಡಿಕೊಂಡು ಮುಂದಿನದನ್ನು ಊಹಿಸೋದನ್ನು ನಿಲ್ಲಿಸಿದರೆ ಸುತ್ತು ಹೊಡೆಯೋದು ಬಹಳ ಕಡಿಮೆ ಆಗುತ್ತೆ:

```
ffmpeg -ss 00:41:10 -to 00:42:00 -i talk.mp4 -vn -ac 1 -ar 16000 part.wav
whisper part.wav --language kn --model large-v3 --condition_on_previous_text False --output_format srt
```

ಹೊಸ ಫೈಲಿನಲ್ಲಿ ಸಮಯ 00:00:00ರಿಂದ ಶುರುವಾಗುತ್ತೆ. ಹಳೆಯದಕ್ಕೆ ಸೇರಿಸುವ ಮುಂಚೆ 41 ನಿಮಿಷ 10 ಸೆಕೆಂಡ್ ಮುಂದಕ್ಕೆ ತಳ್ಳಬೇಕು. ಬಹಳ ಜನ ಇದನ್ನು ಮರೆತು ಆ ಸಾಲುಗಳನ್ನೆಲ್ಲ ವಿಡಿಯೋದ ಮೊದಲ ನಿಮಿಷಕ್ಕೆ ಸೇರಿಸಿಬಿಡುತ್ತಾರೆ.

ಬೆಟ್ಟದ_ಮಂಜು

ಮೊದಲು ಸದ್ದು ತೆಗೆಯೋ ಫಿಲ್ಟರ್ ಹಾಕಿದರೆ?

ಪೊನ್ನಂಪೇಟೆ_ಪಾಠ

ಫ್ಯಾನಿನ ಗುಂಯ್ ಸದ್ದಿಗೆ ಉಪಯೋಗ ಆಗುತ್ತೆ. ಶೀಟಿನ ಮಳೆ ಮಾತಿನ ಎಲ್ಲ ಸ್ವರಮಟ್ಟದಲ್ಲೂ ಹರಡಿಕೊಂಡಿರುತ್ತೆ. ಅದನ್ನು ತೆಗೆಯೋಕೆ ಹೋದರೆ ಸ, ಶ, ತ, ರ ಕೂಡ ಸವೆಯುತ್ತವೆ. ನಮ್ಮ ಕಿವಿಗೆ ಹಿತ ಅನಿಸಿದರೂ ಯಂತ್ರ ಇನ್ನೂ ಹೆಚ್ಚು ತಪ್ಪು ಬರೆಯಬಹುದು. ಎರಡೂ ಥರ ಬರೆಸಿ ಹೋಲಿಸಿ ನೋಡಿ, ಒಂದೇ ಉತ್ತರ ಇಲ್ಲ.

ಕಕ್ಕಬ್ಬೆ_ಜೇನು

ಇಂಗ್ಲಿಷ್ ಸಬ್‌ಟೈಟಲ್ ಆದರೆ ಎಲ್ಲರಿಗೂ ಅರ್ಥ ಆಗುತ್ತಲ್ಲ, ಅದನ್ನೇ ಹಾಕಬಹುದು.

ಸುಂಟಿಕೊಪ್ಪ_ತೋಟ

ಬೇಕಿರೋದು ಕನ್ನಡದ್ದು. ನೋಡುವವರು ಕನ್ನಡ ಓದುವವರು. ಇಂಗ್ಲಿಷ್ ಆಮೇಲೆ ಬೇಕಾದರೂ ಸರಿಯಾದ ಕನ್ನಡದಿಂದಲೇ ಮಾಡಬೇಕು, ಇಲ್ಲಾಂದ್ರೆ "ಹಾಕಬಹುದು" ಅಲ್ಲಿಗೂ ಹೋಗುತ್ತೆ.

ಅಕ್ಷರಜೋಡಣೆ

ಈಗ ಆಡುಮಾತಿನ ಪ್ರಶ್ನೆ. ನನ್ನ ಅಭಿಪ್ರಾಯ: ಪದ ಅವರದೇ ಇರಲಿ, ಕಾಗುಣಿತ ಬರಹದ್ದಿರಲಿ. "ಹಾಕ್ಬಾರ್ದು" ಅಂದದ್ದನ್ನು "ಹಾಕಬಾರದು" ಅಂತ ಬರೆಯಿರಿ. ಆದರೆ "ಬ್ಯಾರಲ್" ಅಂದದ್ದನ್ನು "ಪೀಪಾಯಿ" ಮಾಡಬೇಡಿ, "ಹೊಡೆಯಿರಿ" ಅಂದದ್ದನ್ನು "ಸಿಂಪಡಿಸಿ" ಮಾಡಬೇಡಿ. ತೋಟದವರು ಅಂಗಡಿಗೆ ಹೋಗಿ ಕೇಳೋದು ಆ ಪದದಲ್ಲೇ. ಬರಹದ ಕಾಗುಣಿತದಲ್ಲಿ ಒತ್ತಕ್ಷರ ಕಡಿಮೆ, ಮೊಬೈಲಿನಲ್ಲಿ ಓದೋದು ಸುಲಭ ಅನ್ನೋದೂ ಅದಕ್ಕೊಂದು ಕಾರಣ. "ಗೊತ್ತಾಯ್ತಲ್ಲ", "ಏನಂದ್ರೆ" ಇಂಥವು ಎರಡು ವಾಕ್ಯಕ್ಕೊಮ್ಮೆ ಬಂದರೆ ತೆಗೆದುಬಿಡಿ.

ಬೆಟ್ಟದ_ಮಂಜು

ಇಲ್ಲಿ ನಾನು ಒಪ್ಪಲ್ಲ. ಕಿವಿ ಕೇಳದವರಿಗೆ ಸಬ್‌ಟೈಟಲೇ ಭಾಷಣ. ಅವರು ಭಾಷಣಕಾರರ ತುಟಿಯನ್ನೂ ನೋಡುತ್ತಾರೆ. ತುಟಿ "ಹಾಕ್ಬಾರ್ದು" ಅಂತ ಚಿಕ್ಕದಾಗಿ ಮುಗಿದಾಗ ಕೆಳಗೆ ಉದ್ದದ ಪದ ಇದ್ದರೆ ಹೊಂದಲ್ಲ. ಮಾತಾಡಿದ ಹಾಗೇ ಬರೆದರೆ ಏನು ತಪ್ಪು?

ಅಕ್ಷರಜೋಡಣೆ

ತಪ್ಪಲ್ಲ, ಕಷ್ಟ. "ಹಾಕ್ಬಾರ್ದು" ಅಂತ ಒಬ್ಬರು, "ಹಾಕ್ಬಾರ್ದ್" ಅಂತ ಇನ್ನೊಬ್ಬರು ಬರೆಯುತ್ತಾರೆ, ಒಂದೇ ಫೈಲಿನಲ್ಲಿ ನಾಲ್ಕು ಥರ ಆಗುತ್ತೆ. ಆಮೇಲೆ "ಬಾರದು" ಅಂತ ಹುಡುಕಿ ಎಲ್ಲ ನಿಷೇಧಗಳನ್ನೂ ಒಮ್ಮೆ ಪರೀಕ್ಷಿಸೋಣ ಅಂದರೆ ಅರ್ಧ ಸಿಗೋದೇ ಇಲ್ಲ. ನಿಮ್ಮ ಮಾತಿಗೂ ಬೆಲೆ ಇದೆ. ಯಾವುದಾದರೂ ಒಂದನ್ನು ಮೊದಲೇ ತೀರ್ಮಾನಿಸಿ ಕೊನೆತನಕ ಅದೇ ಇಟ್ಟುಕೊಂಡರೆ ಸಾಕು.

ಬೆಟ್ಟದ_ಮಂಜು

ಹುಡುಕೋ ಮಾತು ಬಂತಲ್ಲ, ಅದಕ್ಕೊಂದು ಎಚ್ಚರಿಕೆ. ಒಂದೇ ಥರ ಕಾಣುವ ಕನ್ನಡ ಪದ ಒಳಗೆ ಬೇರೆ ಬೇರೆ ಇರಬಹುದು. "ಅಂಗಡಿ" ಬರೆಯುವಾಗ ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿ ಹೊಡೆದವರಿದ್ದಾರೆ: "ಅ೦ಗಡಿ". ಕಣ್ಣಿಗೆ ಗೊತ್ತಾಗಲ್ಲ, ಹುಡುಕಾಟಕ್ಕೆ ಸಿಗಲ್ಲ. "ಬ್ಯಾರಲ್‌ಗೆ" ಅನ್ನೋದರಲ್ಲಿ ಲ್ ಮತ್ತು ಗೆ ನಡುವೆ ಕಾಣದ ಒಂದು ತಡೆಗುರುತು ಇದೆ, U+200C. ಯಂತ್ರ ಬರೆದದ್ದರಲ್ಲಿ ಅದು ಸಾಮಾನ್ಯವಾಗಿ ಇರೋದಿಲ್ಲ, ಅದಕ್ಕೇ "ಬ್ಯಾರಲ್ಗೆ" ಅಂತ ಗ ಒತ್ತಾಗಿ ಕೆಳಗೆ ಇಳಿಯುತ್ತೆ. ಪಟ್ಟಿಯಲ್ಲಿ ಎರಡು ರೂಪವನ್ನೂ ಹಾಕಿ.

ಭಾಷಣಕಾರರ ಟಿಪ್ಪಣಿ ಸಿಕ್ಕಿದರೆ ಕೇಳಿ ಇಟ್ಟುಕೊಳ್ಳಿ, ಊರು ಮತ್ತು ತಳಿಗಳ ಹೆಸರಿಗೆ ಬಹಳ ಸಹಾಯ. ಆದರೆ ಹಳೆಯ ನುಡಿ ಫಾಂಟಿನಲ್ಲಿದ್ದರೆ ನಕಲು ಮಾಡಿ ಅಂಟಿಸಿದಾಗ "ಕನ್ನಡ" ಅನ್ನೋದು `PÀ£ÀßqÀ` ಅಂತ ಬರುತ್ತೆ. ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ. ಫೈಲ್ ಉಳಿಸುವಾಗ UTF-8.

ಸುಂಟಿಕೊಪ್ಪ_ತೋಟ

ಸಬ್‌ಟೈಟಲ್ ಎಡಿಟ್‌ನಲ್ಲಿ ತಿದ್ದಲು ಶುರು ಮಾಡಿದೆ. ತಿದ್ದಿದ ಮೇಲೆ 214 ಕೆಂಪಾಗಿ ತೋರಿಸುತ್ತಿದೆ. ಸೆಕೆಂಡಿಗೆ 19.2 ಅಕ್ಷರ ಅನ್ನುತ್ತೆ. ಪದ ಕಡಿಮೆ ಮಾಡಬೇಕಾ?

ಅಕ್ಷರಜೋಡಣೆ

ಕೂಡಲೇ ಕತ್ತರಿ ಹಾಕಬೇಡಿ, ಅದು ಎಣಿಸುವ ರೀತಿ ನೋಡಿ. "ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯಬೇಕು" ಇದರಲ್ಲಿ ಯಂತ್ರದ ಲೆಕ್ಕಕ್ಕೆ 48 ಅಕ್ಷರ. ನಾವು ಓದುವ ಲೆಕ್ಕದಲ್ಲಿ 22 ಅಕ್ಷರ, 5 ತೆರಪು, ಒಟ್ಟು 27. ಯಾಕಂದ್ರೆ "ತ್ತ" ನಮಗೆ ಒಂದು, ಅದಕ್ಕೆ ತ, ವಿರಾಮ, ತ ಸೇರಿ ಮೂರು. "ನ್ನು" ಅದಕ್ಕೆ ನಾಲ್ಕು. "ಸ್ತ್ರೀ" ಅಂತ ಬರೆದರೆ ಆರು. 2.5 ಸೆಕೆಂಡಿಗೆ 48 ಅಂದರೆ 19.2, ಕೆಂಪು. ಅದೇ 27 ಅಂದರೆ 10.8. ಒಂದು ಸಾಲಿಗೆ 42 ಅನ್ನೋ ಮಿತಿಯೂ ಹೀಗೇ ಬಿಡಿ ಬಿಡಿ ಗುರುತು ಎಣಿಸಿದ್ದು. ಇಂಗ್ಲಿಷಿಗೆ ಇಟ್ಟ ಗೆರೆಯನ್ನು ಕನ್ನಡಕ್ಕೆ ಹಾಗೇ ಎಳೆದರೆ ಸರಿಯಾದ ಸಾಲುಗಳನ್ನೂ ಸುಮ್ಮನೆ ಕತ್ತರಿಸುತ್ತೀರಿ.

ಹಾಗಂತ ಬಣ್ಣವನ್ನು ಪೂರ್ತಿ ಕಡೆಗಣಿಸಬೇಡಿ. ಒತ್ತಕ್ಷರ ಓದಲು ಬಿಡಿ ಅಕ್ಷರಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಬೇಕೇ ಬೇಕು. ನಿಮ್ಮದು ವಿಧಾನ ಕಲಿಸುವ ಭಾಷಣ, ನೋಡುವವರು ಬ್ಯಾರಲ್ ಕಡೆಗೂ ಕಣ್ಣಿಡಬೇಕು. ಪದ ಕಡಿಮೆ ಮಾಡುವ ಬದಲು ಹೊತ್ತು ಹೆಚ್ಚು ಮಾಡಿ. ಮಾತು ಮುಗಿದ ಮೇಲೆ ತೆರಪಿದ್ದರೆ ಇನ್ನರ್ಧ ಸೆಕೆಂಡ್ ನಿಲ್ಲಿಸಿ.

ಪೊನ್ನಂಪೇಟೆ_ಪಾಠ

ಸಾಲು ಒಡೆಯುವ ಜಾಗದ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ, ಇಲ್ಲ ಅನ್ನೋದು ಅದಕ್ಕೂ ಕೊನೆಗೆ. ಯಂತ್ರ ಉಸಿರು ತೆಗೆದುಕೊಂಡ ಕಡೆ ಒಡೆಯುತ್ತೆ. ಹಾಗಾಗಿ ಒಂದು ತುಂಡಿನಲ್ಲಿ "ಸುಣ್ಣ ಇನ್ನೂ ಜಾಸ್ತಿ ಹಾಕಬೇಕು" ಅಂತ ಬಂದು, ಮೂರು ಸೆಕೆಂಡ್ ಆದಮೇಲೆ ಮುಂದಿನದರಲ್ಲಿ "ಅಂತೇನೂ ಇಲ್ಲ" ಬರುತ್ತೆ. ಆ ಮೂರು ಸೆಕೆಂಡ್ ಪರದೆಯ ಮೇಲೆ ಇರೋದು ತಪ್ಪು ಸಲಹೆ. ಯಾರಾದರೂ ಅಲ್ಲಿಗೇ ನಿಲ್ಲಿಸಿ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದರೆ ಮುಗೀತು. ನಿಷೇಧದ ಬಾಲ ಯಾವತ್ತೂ ತನ್ನ ಕ್ರಿಯಾಪದದ ಜೊತೆ ಒಂದೇ ತುಂಡಿನಲ್ಲಿರಲಿ. ಉದ್ದ ಆದರೆ ವಾಕ್ಯದ ಮೊದಲರ್ಧವನ್ನು ಹಿಂದಿನ ತುಂಡಿಗೆ ಕಳಿಸಿ.

ಚೆಟ್ಟಳ್ಳಿ_ಮೆಣಸು

ಇದು ಒಳ್ಳೆ ಮಾತು. ಫೋಟೋ ಹರಿದಾಡೋದು ನಿಜ.

ಸುಂಟಿಕೊಪ್ಪ_ತೋಟ

ಇನ್ನೊಂದು. ಕೊನೆಯ ಪ್ರಶ್ನೋತ್ತರದಲ್ಲಿ ಒಬ್ಬ ಹಿರಿಯರು ಕೊಡವ ತಕ್ಕ್‌ನಲ್ಲಿ ಕೇಳಿದ್ದಾರೆ, ಭಾಷಣಕಾರರೂ ಅದರಲ್ಲೇ ಉತ್ತರ ಕೊಟ್ಟಿದ್ದಾರೆ. ಸುಮಾರು ನಾಲ್ಕು ನಿಮಿಷ. ಯಂತ್ರ ಅದನ್ನು ಕನ್ನಡ ಅಂತಲೇ ತಿಳಿದು ಏನೇನೋ ವಾಕ್ಯ ಬರೆದಿದೆ.

ಬೆಟ್ಟದ_ಮಂಜು

ಅದನ್ನು ಪೂರ್ತಿ ಅಳಿಸಿ, ಒಂದಕ್ಷರವೂ ಉಳಿಸಬೇಡಿ. ಕನ್ನಡ ಅಂತ ಹೇಳಿಕೊಟ್ಟ ಮೇಲೆ ಅದು ಕೇಳಿದ ಸದ್ದಿಗೆ ಹತ್ತಿರದ ಕನ್ನಡ ಪದ ಕೂರಿಸುತ್ತೆ. ತಿದ್ದುವುದಕ್ಕೆ ಅಲ್ಲಿ ಏನೂ ಇಲ್ಲ. ಆಮೇಲೆ ಆಡಿದ ಮಾತನ್ನೇ ಕನ್ನಡ ಲಿಪಿಯಲ್ಲಿ ಬರೆಯಿರಿ. ಕೊಡವ ಮಾತಾಡಿದ್ದಾರೆ, ಕೊಡವವೇ ಕಾಣಲಿ.

ಪೊನ್ನಂಪೇಟೆ_ಪಾಠ

ಲಿಪಿಯಲ್ಲಿ ಬರೆಯೋದು ಅಷ್ಟು ಸಲೀಸಲ್ಲ. ಕೊಡವದಲ್ಲಿ ಕನ್ನಡಕ್ಕಿಲ್ಲದ ನಡುಸ್ವರಗಳಿವೆ, ಅವಕ್ಕೆ ಕನ್ನಡ ಲಿಪಿಯಲ್ಲಿ ಗುರುತಿಲ್ಲ. ಪದದ ಕೊನೆಯಲ್ಲಿ ಬಂದರೆ "ತಕ್ಕ್" ಅಂತ ಅರ್ಧಾಕ್ಷರ ಇಟ್ಟು ಸಾಗಿಸುತ್ತೇವೆ, ನಡುವೆ ಬಂದರೆ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಅದೂ ಅಲ್ಲದೆ ಸೋಮವಾರಪೇಟೆ ಕಡೆಯ ಎಷ್ಟೋ ಬೆಳೆಗಾರರಿಗೆ ಕೊಡವ ಬರಲ್ಲ. ಔಷಧದ ಪ್ರಮಾಣದ ಉತ್ತರ ಅದರಲ್ಲಿದ್ದರೆ ಅವರಿಗೆ ಸಿಗೋದು ಬೇಡವೇ? ಕನ್ನಡ ಅನುವಾದ ಹಾಕಿ, ಮೊದಲ ತುಂಡಿನಲ್ಲಿ [ಕೊಡವ ತಕ್ಕ್‌ನಲ್ಲಿ] ಅಂತ ಸೂಚಿಸಿ.

ಬೆಟ್ಟದ_ಮಂಜು

ಅನುವಾದ ಅಂದ ಮೇಲೆ ಅದು ಆಡಿದ ಮಾತಲ್ಲ. ಎರಡು ಸಾಲಿದೆಯಲ್ಲ, ಮೇಲೆ ಕೊಡವ, ಕೆಳಗೆ ಕನ್ನಡ ಹಾಕಬಹುದು.

ಅಕ್ಷರಜೋಡಣೆ

ನಾಲ್ಕು ನಿಮಿಷ ಎರಡೆರಡು ಭಾಷೆ ಓದೋದು ಮೊಬೈಲಿನಲ್ಲಿ ಆಗದ ಮಾತು. ಎರಡು ಬೇರೆ ಫೈಲ್ ಮಾಡಿದರೆ ನೋಡುವವರು ಆರಿಸಿಕೊಳ್ಳಬಹುದು, ಆದರೆ ಕೆಲಸ ಹೆಚ್ಚು. ಏನೇ ಮಾಡಿ, ಕೊಡವ ಚೆನ್ನಾಗಿ ಬಲ್ಲ ಒಬ್ಬರು ಕೇಳಿ ಒಪ್ಪಿದ ಮೇಲೆ ಹಾಕಿ.

ಬೆಟ್ಟದ_ಮಂಜು

ನನ್ನ ಅಭಿಪ್ರಾಯ ಬದಲಾಗಿಲ್ಲ. ಕೊಡವವನ್ನು ಪೂರ್ತಿ ಮರೆಮಾಡಬಾರದು.

ಗೋಣಿಕೊಪ್ಪ_ಹುಡುಗ

ಒಂದು ಡೌಟು. ಭಾಷಣಕಾರರೇ ಬಾಯಿ ತಪ್ಪಿ ತಪ್ಪು ಪ್ರಮಾಣ ಹೇಳಿದ್ದರೆ? ನಾವು ಸರಿ ಮಾಡಿ ಬರೆಯಬಹುದಲ್ಲ?

ಚೆಟ್ಟಳ್ಳಿ_ಮೆಣಸು

ಸರಿ ಮಾಡಲೇಬೇಕು. ತಪ್ಪು ಪ್ರಮಾಣ ಬರೆದಿಟ್ಟರೆ ಗಿಡ ಸುಟ್ಟುಹೋಗೋದು ಯಾರ ತೋಟದಲ್ಲಿ?

ಅಕ್ಷರಜೋಡಣೆ

ಸದ್ದಿಲ್ಲದೆ ಬದಲಿಸಬೇಡಿ. ಕೇಳುವವರಿಗೆ ಒಂದು, ಓದುವವರಿಗೆ ಇನ್ನೊಂದು ಆದರೆ ಯಾವುದನ್ನು ನಂಬಬೇಕು? ಭಾಷಣಕಾರರಿಗೆ ಆ ನಿಮಿಷದ ತುಂಡು ಕಳಿಸಿ ಕೇಳಿ. ಅವರು ತಪ್ಪು ಅಂದರೆ ಹೇಳಿದ್ದನ್ನೇ ಬರೆದು, ಪಕ್ಕದಲ್ಲಿ ಚೌಕ ಆವರಣದೊಳಗೆ [ಸರಿಯಾದ ಪ್ರಮಾಣ: 1 ಕೆಜಿ] ಅಂತ ಹಾಕಿ. ವಿಡಿಯೋ ವಿವರಣೆಯಲ್ಲೂ ಬರೆಯಿರಿ.

ಚೆಟ್ಟಳ್ಳಿ_ಮೆಣಸು

ಭಾಷಣಕಾರರು ಫೋನ್ ಎತ್ತಲಿಲ್ಲ ಅಂದ್ರೆ?

ಅಕ್ಷರಜೋಡಣೆ

ಆಗ ಆವರಣದಲ್ಲಿ [ಪ್ರಮಾಣ ಖಚಿತಪಡಿಸಿಕೊಳ್ಳಿ] ಅಂತ ಹಾಕಿ. ನಮ್ಮದೇ ಅಂಕಿ ಬೇಡ.

ಚೆಟ್ಟಳ್ಳಿ_ಮೆಣಸು

ನಾನಾದರೆ ಸರಿಯಾದ ಅಂಕಿಯನ್ನೇ ಹಾಕ್ತೀನಿ. ಇರಲಿ.

ಪೊನ್ನಂಪೇಟೆ_ಪಾಠ

ಪೂರ್ತಿ ತಿದ್ದಿ ಮುಗಿದ ಮೇಲೆ ಸಮಯ ನೋಡಿ. ಮೊದಲ ನಿಮಿಷ, ನಡುವೆ ಒಂದು ಕಡೆ, ಕೊನೆಯ ನಿಮಿಷ, ಮೂರು ಜಾಗ ಸಾಕು. ಮೂರರಲ್ಲೂ ಸಬ್‌ಟೈಟಲ್ ಒಂದೇ ಅಷ್ಟು ತಡವಾಗಿ ಬಂದರೆ ವಿಡಿಯೋದ ಆರಂಭ ಕತ್ತರಿಸಿದ್ದೀರಿ, ಎಲ್ಲವನ್ನೂ ಒಟ್ಟಿಗೆ ಸರಿಸಿ. ಮೊದಲು ಸರಿ ಇದ್ದು ಹೋಗ್ತಾ ಹೋಗ್ತಾ ಹಿಂದೆ ಬಿದ್ದರೆ ಮಾತನ್ನು ಬೇರೆ ರೆಕಾರ್ಡರಿನಲ್ಲಿ ಹಿಡಿದಿದ್ದೀರಿ, ಎರಡರ ಗಡಿಯಾರ ಒಂದೇ ವೇಗದಲ್ಲಿ ಓಡಿಲ್ಲ. ಅದಕ್ಕೆ ಒಟ್ಟಿಗೆ ಸರಿಸಿದರೆ ಪ್ರಯೋಜನವಿಲ್ಲ. `Point sync` ನಲ್ಲಿ ಮೊದಲೊಂದು, ಕೊನೆಯೊಂದು ಸಾಲಿನ ಸರಿಯಾದ ಸಮಯ ಕೊಟ್ಟರೆ ನಡುವಿನದನ್ನು ಅದೇ ಹಿಗ್ಗಿಸಿಕೊಳ್ಳುತ್ತೆ.

ಸುಂಟಿಕೊಪ್ಪ_ತೋಟ

ಸಮಯ ಮೂರೂ ಕಡೆ ಸರಿ ಇದೆ. ಆ ಮೂರು ತುಂಡು ಈಗ ಹೀಗಿವೆ. "ಇನ್ನೂರು" ಕೇಳಿ ಖಾತ್ರಿ ಮಾಡಿಕೊಂಡೆ:

```
212
00:23:41,200 --> 00:23:44,700
ಕಾಫಿಗೆ ಅರ್ಧ ಪರ್ಸೆಂಟ್ ಸಾಕು,
ಜಾಸ್ತಿ ಹಾಕಬಾರದು.

213
00:23:44,800 --> 00:23:49,200
200 ಲೀಟರ್ ಬ್ಯಾರಲ್‌ಗೆ 1 ಕೆಜಿ ಮೈಲುತುತ್ತ,
1 ಕೆಜಿ ಸುಣ್ಣ.

214
00:23:49,300 --> 00:23:52,300
ತುತ್ತದ ನೀರನ್ನು ಸುಣ್ಣದ ನೀರಿಗೆ
ನಿಧಾನವಾಗಿ ಸುರಿಯಬೇಕು.
```

41:10ರ ತುಂಡನ್ನು ಮತ್ತೆ ಬರೆಸಿದೆ. ಸುತ್ತು ನಿಂತಿದೆ, ಆದರೆ ಕೊನೆಯ ಹನ್ನೆರಡು ಸೆಕೆಂಡ್ ನಮ್ಮ ಕಿವಿಗೂ ಮಳೆ ಬಿಟ್ಟು ಬೇರೇನೂ ಕೇಳಿಸುತ್ತಿಲ್ಲ.

ಅಕ್ಷರಜೋಡಣೆ

ಕೇಳಿಸದ್ದನ್ನು ಖಾಲಿ ಬಿಡಬೇಡಿ, ಸಬ್‌ಟೈಟಲ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. [ಮಳೆಯ ಸದ್ದಿನಲ್ಲಿ ಮಾತು ಕೇಳಿಸುತ್ತಿಲ್ಲ] ಅಂತ ಒಂದು ತುಂಡು ಹಾಕಿ. ಆ ಜಾಗದಲ್ಲಿ ಏನು ನಡೆಯುತ್ತಿತ್ತು?

ಸುಂಟಿಕೊಪ್ಪ_ತೋಟ

ದ್ರಾವಣಕ್ಕೆ ಚಾಕು ಅದ್ದಿ ತೋರಿಸುತ್ತಿದ್ದಾರೆ.

ಚೆಟ್ಟಳ್ಳಿ_ಮೆಣಸು

ಹಾಗಾದ್ರೆ ಅದು ಪರೀಕ್ಷೆ. ಅಲಗಿನ ಮೇಲೆ ಕೆಂಪು ತಾಮ್ರ ಕೂತರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಅಲ್ಲಿ ಅವರು ಹಾಕಬೇಕು ಅಂದ್ರೋ ಬೇಡ ಅಂದ್ರೋ ಅನ್ನೋದು ಅಲಗಿನ ಬಣ್ಣದ ಮೇಲೆ. ವಿಡಿಯೋ ದೊಡ್ಡದು ಮಾಡಿ ಅಲಗು ನೋಡಿ, ಆಮೇಲೆ ಭಾಷಣಕಾರರನ್ನು ಕೇಳಿ.